ಬರೀ ‘ನಮಸ್ಕಾರ’ ಅಂತ ಬಂದ ಮೆಸೇಜು: ಔಷಧಿ ಅಂಗಡಿಯಲ್ಲಿ ನನ್ನ ಅನುಭವ

ಶ್ರೀನಿವಾಸಪುರದ ಹತ್ತಿರ ನನ್ನದು ಬೀಜ, ಗೊಬ್ಬರ, ಔಷಧಿ ಅಂಗಡಿ. ರಾತ್ರಿ ಎಂಟರ ಮೇಲೆ ವಾಟ್ಸಾಪಿನಲ್ಲಿ ‘ನಮಸ್ಕಾರ’ ಅಂತ ಒಂದೇ ಪದ ಬರುತ್ತದೆ, ಆಮೇಲೆ ಏನೂ ಇಲ್ಲ. ಮೊದಲು ನಾನು ‘ಹೇಳಿ’ ಅಂತ ಹಾಕುತ್ತಿದ್ದೆ. ಅಲ್ಲಿಗೆ ಮಾತು ಮುಗಿಯುತ್ತಿತ್ತು. ಎರಡು ದಿನ ಬಿಟ್ಟು ಅದೇ ಮನುಷ್ಯ ಬೇರೆ ಅಂಗಡಿಯ ಕವರ್ ಹಿಡಿದು ನಮ್ಮ ಮುಂದೇನೇ ಹೋಗುವುದು ಕಾಣುತ್ತಿತ್ತು.

‘ಬೀಜಕ್ಕೆ 1, ಔಷಧಿಗೆ 2’ ಅಂತ ತಾನಾಗೇ ಹೋಗೋ ಉತ್ತರ ಮಾಡಿಸಿದೆ. ಸುಮಾರು ಎರಡು ಸಾವಿರ ಖರ್ಚು. ರೋಗದ ಹೆಸರೇ ಗೊತ್ತಿಲ್ಲದವರು ಯಾವ ನಂಬರ್ ಒತ್ತುತ್ತಾರೆ? ವಾಪಸ್ ಫೋನ್ ಮಾಡಿ ನೋಡಿದೆ. ಅರಳಿಕಟ್ಟೆ ಮೇಲೆ ನಾಲ್ಕು ಜನರ ನಡುವೆ ಕೂತಿದ್ದರೆ ‘ಸುಮ್ನೆ ಹಾಕಿದೆ ಅಣ್ಣ’ ಅಂತ ಇಟ್ಟುಬಿಡುತ್ತಿದ್ದರು.

ಈಗ ‘ಏನು ಬೇಕು’ ಅಂತ ಕೇಳೋದೇ ಇಲ್ಲ. ತಿರುಗಿ ನಮಸ್ಕಾರ ಹೇಳಿ, ಒಂದೇ ಪದದಲ್ಲಿ ಉತ್ತರ ಕೊಡಬಹುದಾದ ಬೆಳೆಯ ಪ್ರಶ್ನೆ ಹಾಕುತ್ತೇನೆ. ಹೋದ ವರ್ಷ ಒಬ್ಬರ ಜೊತೆ ನಡೆದದ್ದು ಇದು:

‘ನಮಸ್ಕಾರ ಅಣ್ಣ, ಊಟ ಆಯ್ತಾ? ಟೊಮ್ಯಾಟೊ ಎಷ್ಟು ದಿನದ್ದಾಯ್ತು?’
‘25.’
‘ಎಲೆ ಚೆನ್ನಾಗಿದೆಯಾ, ಮುದುಡಿದೆಯಾ?’
‘ಮುದುಡಿದೆ.’

ಎಲೆ ತಿರುಗಿಸಿ ಫೋಟೋ ಹಾಕಿ ಅಂದೆ. ಅಡಿಯಲ್ಲಿ ಬಿಳಿನೊಣ. ಮುದುಡು ರೋಗ. ರೋಗ ಹತ್ತಿದ ಗಿಡ ಯಾವ ಔಷಧಿಗೂ ಸರಿಹೋಗಲ್ಲ, ನೊಣ ತಡೆದರೆ ಉಳಿದದ್ದು ಉಳಿಯಬಹುದು, ಅಷ್ಟೇ. ಎಷ್ಟು ಗಿಡಕ್ಕೆ ಹತ್ತಿದೆ ಅಂತ ಕೇಳಿದೆ. ‘ಸಾಲಿಗೆ ಐದಾರು.’ ಅವನ್ನು ಕಿತ್ತು ಹೊಲದಿಂದಾಚೆ ಹಾಕಿ, ಬೆಳಿಗ್ಗೆ ಬನ್ನಿ ಅಂದೆ.

ಉತ್ತರ ಇಲ್ಲ. ಟೈಪ್ ಮಾಡುತ್ತಿದ್ದಾರೆ ಅಂತ ಬರುತ್ತದೆ, ನಿಲ್ಲುತ್ತದೆ, ಮತ್ತೆ ಬರುತ್ತದೆ. ಇಲ್ಲಿ ಅವಸರ ಮಾಡಬಾರದು. ನಾನು ಇನ್ನೊಂದು ಮೆಸೇಜ್ ಹಾಕಿದ್ದರೆ ಕೆಟ್ಟಿತ್ತು. ಹತ್ತು ನಿಮಿಷದ ಮೇಲೆ ಬಂತು: ‘ಹಳೇ ಬಾಕಿ ಐತೆ.’

ರೋಗ ಹೇಳೋಕೆ ಅವರಿಗೆ ನಾಚಿಕೆ ಇರಲಿಲ್ಲ. ನನ್ನ ಪುಸ್ತಕದಲ್ಲಿದ್ದ ನಾಲ್ಕು ಸಾವಿರ ಚಿಲ್ಲರೆ ಅವರ ಬಾಯಿ ಕಟ್ಟಿತ್ತು. ಮಂಡಿಗೆ ಮಾಲು ಹಾಕಿದ ಮೇಲೆ ಅದನ್ನ ನೋಡೋಣ, ಇದಕ್ಕೆ ಅರ್ಧ ಕೊಡಿ ಅಂದೆ. ಬೆಳಿಗ್ಗೆ ಏಳಕ್ಕೇ ಬಂದರು.

ಪಕ್ಕದ ಅಂಗಡಿಯವರು ‘ರಾತ್ರಿ ಹರಟೆ ಹೊಡೆದ್ರೆ ಗಿರಾಕಿ ಬರ್ತಾರಾ’ ಅಂತ ನಕ್ಕಿದ್ದರು. ಲೆಕ್ಕ ಬರೆದಿಟ್ಟಿಲ್ಲ, ಆದರೆ ಬರೀ ನಮಸ್ಕಾರ ಹಾಕಿದ ಹತ್ತರಲ್ಲಿ ಆರೇಳು ಜನ ಈಗ ವಿಷಯಕ್ಕೆ ಬರುತ್ತಾರೆ. ಹಳೇ ಸಾಲ ಬಾಕಿ ಇರೋರಿಗೆ ಮೊದಲ ಪ್ರಶ್ನೆ ಬೇರೆಯದೇ ಇದೆ, ಅದನ್ನ ಇಲ್ಲಿ ಬರೆಯಲ್ಲ, ಪಕ್ಕದವರೂ ಓದುತ್ತಾರೆ.

ಟೈಪ್ ಬಾರದವರಿಗೆ ನಾನೇ ಮೊದಲು ಸಣ್ಣ ವಾಯ್ಸ್ ಹಾಕಿ ನೋಡಿದೆ. ಅವರೂ ವಾಯ್ಸಲ್ಲೇ ಮಾತಾಡಿದರು, ಆದರೆ ಐದೈದು ನಿಮಿಷ! ಇನ್ನು ದಿನಾ ಹೂವಿನ ಚಿತ್ರದ ಜೊತೆ ನಮಸ್ಕಾರ ಹಾಕೋ ಒಬ್ಬ ತಾತನಿಗೂ ಬೆಳೆ ಕೇಳಿದೆ. ‘ಮಾವು ಮಾರಿ ಮೂರು ವರ್ಷ ಆಯ್ತಪ್ಪ, ನಮಸ್ಕಾರನೂ ಹೇಳಬಾರದಾ?’ ಅಂತ ಬೈದರು.