15 ಲಕ್ಷದ ಆಫರ್, ತಿಂಗಳಿಗೆ ಕೈಗೆ 89,800: ನಾನು ಲೆಕ್ಕ ಹಾಕಿದ ರೀತಿ

2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಒಂದು ಖಾಸಗಿ ಕಂಪನಿಯಿಂದ ನನಗೆ ಆಫರ್ ಬಂತು. ಸಿಟಿಸಿ 15 ಲಕ್ಷ. ಆಗ ನಾನು ಕೆಲಸ ಮಾಡುತ್ತಿದ್ದ ಕಡೆ ಸಿಟಿಸಿ ಸುಮಾರು 11.5 ಲಕ್ಷ ಇತ್ತು. "ಮೂವತ್ತು ಪರ್ಸೆಂಟ್ ಹೈಕ್ ಕಣೋ, ಇನ್ನೇನು ಯೋಚನೆ?" ಅಂದ ಗೆಳೆಯ. ಸಿಟಿಸಿ ಅಂದರೆ ಒಬ್ಬ ನೌಕರನಿಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು. ಅದರಲ್ಲಿ ನನ್ನ ಬ್ಯಾಂಕ್ ಖಾತೆಗೆ ಬರುವುದೆಷ್ಟು, ಪಿಎಫ್‌ಗೆ ಹೋಗುವುದೆಷ್ಟು, ಬರಬಹುದು ಅಥವಾ ಬರದೇ ಇರಬಹುದು ಅನ್ನುವುದೆಷ್ಟು, ಇದು ಗೊತ್ತಾಗದೆ ಹೂಂ ಅನ್ನುವುದು ಹೇಗೆ? ಎಚ್‌ಆರ್ ಮೇಡಂಗೆ ಸ್ಯಾಲರಿ ಬ್ರೇಕಪ್ ಕಳಿಸಿ ಅಂತ ಮೇಲ್ ಹಾಕಿದೆ.

ಬ್ರೇಕಪ್ ಹೀಗಿತ್ತು. ಬೇಸಿಕ್ ತಿಂಗಳಿಗೆ 50,000. ಬೇಸಿಕ್, ಎಚ್‌ಆರ್‌ಎ, ಸ್ಪೆಷಲ್ ಅಲೋವೆನ್ಸ್ ಎಲ್ಲ ಸೇರಿ ತಿಂಗಳಿಗೆ 96,000, ಅಂದರೆ ವರ್ಷಕ್ಕೆ 11,52,000. ಕಂಪನಿ ಕಡೆಯ ಪಿಎಫ್ 72,000. ಗ್ರ್ಯಾಚುಟಿ 28,860. ಆರೋಗ್ಯ ವಿಮೆಯ ಕಂತು 22,140. ಉಳಿದ 2,25,000 ವೇರಿಯಬಲ್ ಪೇ. ಎಲ್ಲ ಕೂಡಿದರೆ ಸರಿಯಾಗಿ 15 ಲಕ್ಷ.

ತಿಂಗಳ ಲೆಕ್ಕ ಸುಲಭ. 96,000ದಲ್ಲಿ ನನ್ನ ಕಡೆಯ ಪಿಎಫ್ 6,000 ಹೋಗುತ್ತದೆ. ಕರ್ನಾಟಕದ ವೃತ್ತಿ ತೆರಿಗೆ 200, ಫೆಬ್ರವರಿಯಲ್ಲಿ ಮಾತ್ರ 300. ಆದಾಯ ತೆರಿಗೆ ಸದ್ಯಕ್ಕೆ ಸೊನ್ನೆ, ಯಾಕೆ ಅಂತ ಮುಂದೆ ಹೇಳುತ್ತೇನೆ. ಕೈಗೆ ಬರುವುದು 89,800. ಹಳೆ ಕಂಪನಿಯಲ್ಲಿ ಕೈಗೆ 82,000 ಬರುತ್ತಿತ್ತು. ಸಿಟಿಸಿ ಮೂವತ್ತು ಪರ್ಸೆಂಟ್ ಏರಿದರೂ ತಿಂಗಳ ಸಂಬಳ ಏರುವುದು 7,800 ಮಾತ್ರ. ಹತ್ತು ಪರ್ಸೆಂಟ್ ಕೂಡ ಇಲ್ಲ.

ಇಲ್ಲಿಗೇ ನಿಲ್ಲಿಸಿ ಆಫರ್ ಬೇಡ ಅಂದಿದ್ದರೆ ಅದೂ ತಪ್ಪು ಲೆಕ್ಕವೇ ಆಗುತ್ತಿತ್ತು. ಪಿಎಫ್ ಕಡಿತ ಅನ್ನುವುದು ಖರ್ಚಲ್ಲ, ಅದು ನನ್ನದೇ ದುಡ್ಡು. ಕಾನೂನು ಪ್ರಕಾರ ಬೇಸಿಕ್ ಮತ್ತು ಡಿಎ ಮೇಲೆ ನೌಕರ 12 ಪರ್ಸೆಂಟ್, ಕಂಪನಿ 12 ಪರ್ಸೆಂಟ್ ಕಟ್ಟಬೇಕು. ಆದರೆ 2014ರ ಸೆಪ್ಟೆಂಬರ್‌ನಿಂದ ಕಡ್ಡಾಯದ ಮಿತಿ 15,000 ರೂಪಾಯಿ. ಹಾಗಾಗಿ ಬೇಸಿಕ್ ಎಷ್ಟೇ ಇರಲಿ, ಕೆಲವು ಕಂಪನಿಗಳು 15,000ದ ಮೇಲೆ ಮಾತ್ರ ಲೆಕ್ಕ ಹಾಕಿ 1,800 ಕಟ್ಟುತ್ತವೆ. ನನ್ನ ಹಳೆ ಕಂಪನಿ ಅದನ್ನೇ ಮಾಡುತ್ತಿತ್ತು. ಹೊಸದು ಪೂರ್ತಿ ಬೇಸಿಕ್ ಮೇಲೆ 6,000 ಕಟ್ಟುತ್ತದೆ. ಎರಡೂ ಕಡೆಯ ಪಾಲು ಸೇರಿದರೆ ಹಳೆಯದರಲ್ಲಿ ತಿಂಗಳಿಗೆ 3,600, ಹೊಸದರಲ್ಲಿ 12,000.

ಇದನ್ನು ಟೇಕ್ ಹೋಮ್ ಜೊತೆ ಕೂಡಿಸಿ ನೋಡಿದಾಗ ಹೋಲಿಕೆ ಸರಿಯಾಯಿತು. ಹಳೆಯದು 85,600, ಹೊಸದು 1,01,800. ನಿಜವಾದ ಏರಿಕೆ 16,200, ಅಂದರೆ ಸುಮಾರು 19 ಪರ್ಸೆಂಟ್. ಪಿಎಫ್ ಬಡ್ಡಿ 2024-25ಕ್ಕೆ 8.25 ಪರ್ಸೆಂಟ್ ಇತ್ತು. ಬ್ಯಾಂಕ್ ಎಫ್‌ಡಿಗಿಂತ ಜಾಸ್ತಿ. ಆದರೆ ಈ ದುಡ್ಡು ತಿಂಗಳ ಬಾಡಿಗೆಗೆ, ಸಾಲದ ಕಂತಿಗೆ ಆಗುವುದಿಲ್ಲ. ಇನ್ನೊಂದು ವಿಷಯ. ಕಂಪನಿ ಕಟ್ಟುವ ಪಾಲು ಪೂರ್ತಿ ಪಿಎಫ್‌ಗೇ ಹೋಗುವುದಿಲ್ಲ. ಪಿಂಚಣಿ ಯೋಜನೆಯ ಸದಸ್ಯರಾಗಿದ್ದರೆ ಅದರಲ್ಲಿ 1,250 ಪಿಂಚಣಿಗೆ ಹೋಗುತ್ತದೆ. ಪಾಸ್‌ಬುಕ್‌ನಲ್ಲಿ ನೌಕರನ ಪಾಲು, ಕಂಪನಿ ಪಾಲು, ಪಿಂಚಣಿ ಅಂತ ಮೂರು ಕಾಲಂ ಇರುವುದು ಅದಕ್ಕೇ. ನನ್ನ ಲೆಕ್ಕದಲ್ಲಿ ಕಂಪನಿಯ 6,000ದಲ್ಲಿ 4,750 ಪಿಎಫ್‌ಗೆ, 1,250 ಪಿಂಚಣಿಗೆ.

ಗ್ರ್ಯಾಚುಟಿಗೆ ನಾನು ಸೊನ್ನೆ ಹಾಕಿದೆ. ಅದು ಬೇಸಿಕ್‌ನ 4.81 ಪರ್ಸೆಂಟ್, ಅಂದರೆ ವರ್ಷಕ್ಕೆ 15 ದಿನದ ಬೇಸಿಕ್, ತಿಂಗಳಿಗೆ 26 ದಿನ ಅನ್ನುವ ಲೆಕ್ಕದಲ್ಲಿ. ಕಾಯಂ ನೌಕರನಿಗೆ ಅದು ಸಿಗುವುದು ಐದು ವರ್ಷ ಪೂರೈಸಿದ ಮೇಲೆ. ನಮ್ಮ ಕ್ಷೇತ್ರದಲ್ಲಿ ಎರಡು ಮೂರು ವರ್ಷಕ್ಕೆ ಕಂಪನಿ ಬದಲಿಸುವವರೇ ಜಾಸ್ತಿ. ವಿಮೆಗೆ ಮಾತ್ರ ಸೊನ್ನೆ ಹಾಕಲಿಲ್ಲ. ಹಳೆ ಕಡೆ ನನಗೆ ಮತ್ತು ಹೆಂಡತಿಗೆ ಮಾತ್ರ ಕವರ್ ಇತ್ತು, ಇಲ್ಲಿ ಅಪ್ಪ ಅಮ್ಮನಿಗೂ ಇದೆ. ಅವರ ವಯಸ್ಸಿಗೆ ಹೊರಗಡೆ ಬೇರೆ ಪಾಲಿಸಿ ಮಾಡಿಸಿದರೆ ಎಷ್ಟು ಕಂತು ಬೀಳುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು.

ಇನ್ನು ವೇರಿಯಬಲ್. ಹೆಚ್ಚು ಹೊತ್ತು ಕೂತಿದ್ದು ಇದರ ಮೇಲೆಯೇ. ಪತ್ರದಲ್ಲಿ 2,25,000 ಅಂತ ಬರೆದಿದ್ದರೂ ಅದು ಗುರಿ ಮೊತ್ತ, ಖಾತ್ರಿ ಮೊತ್ತ ಅಲ್ಲ. ನಾನು ಮೇಲ್‌ನಲ್ಲಿ ಕೇಳಿದ್ದು ಇಷ್ಟು: ಯಾವ ಲೆಕ್ಕದಲ್ಲಿ ಕೊಡುತ್ತೀರಿ, ಯಾವಾಗ ಕೊಡುತ್ತೀರಿ, ಹಿಂದಿನ ಮೂರು ವರ್ಷ ಇದೇ ಬ್ಯಾಂಡ್‌ನವರಿಗೆ ಸರಾಸರಿ ಎಷ್ಟು ಪರ್ಸೆಂಟ್ ಸಿಕ್ಕಿದೆ, ನೋಟಿಸ್ ಪೀರಿಯಡ್‌ನಲ್ಲಿ ಇದ್ದವರಿಗೆ ಕೊಡುತ್ತೀರಾ? ಫೋನಿನಲ್ಲಿ "ಸರ್, ನಮ್ಮಲ್ಲಿ ಎಲ್ಲರಿಗೂ ಫುಲ್ ಬರುತ್ತೆ" ಅಂದಿದ್ದರು. ಮೇಲ್‌ಗೆ ಬಂದ ಉತ್ತರ ಬೇರೆಯೇ ಇತ್ತು. ಕಂಪನಿಯ ಸಾಧನೆಯ ಅಂಕವನ್ನು ನನ್ನ ರೇಟಿಂಗ್ ಅಂಕದಿಂದ ಗುಣಿಸುತ್ತಾರೆ. ಕಂಪನಿ 80, ನಾನು 90 ಅಂದರೆ ಸಿಗುವುದು 72 ಪರ್ಸೆಂಟ್. ಎರಡೂ ಚೆನ್ನಾಗಿಯೇ ಕಾಣುತ್ತವೆ, ಗುಣಿಸಿದಾಗ ಕಾಲು ಭಾಗಕ್ಕಿಂತ ಜಾಸ್ತಿ ಹೋಗಿಬಿಡುತ್ತದೆ. ದುಡ್ಡು ಬರುವುದು ಆರ್ಥಿಕ ವರ್ಷ ಮುಗಿದ ಮೇಲೆ, ಜೂನ್ ಸಂಬಳದ ಜೊತೆ. ಆ ದಿನ ಕಂಪನಿಯಲ್ಲಿ ಇರಬೇಕು, ರಾಜೀನಾಮೆ ಕೊಟ್ಟಿರಬಾರದು. ಮಧ್ಯದಲ್ಲಿ ಸೇರಿದರೆ ಸೇರಿದ ತಿಂಗಳುಗಳಿಗೆ ಮಾತ್ರ. ಹಿಂದಿನ ವರ್ಷಗಳ ಸರಾಸರಿ ಹೇಳಲು ಅವರು ಒಪ್ಪಲಿಲ್ಲ. ಅಲ್ಲಿ ಕೆಲಸ ಮಾಡುವ ಪರಿಚಯದವರು ಎಪ್ಪತ್ತರ ಆಸುಪಾಸು ಅಂದರು. ನಾನು 70 ಪರ್ಸೆಂಟ್ ಇಟ್ಟುಕೊಂಡೆ.

ಇದಕ್ಕೆ ತೆರಿಗೆ ಸೇರಿಸಿದಾಗ ಚಿತ್ರ ಇನ್ನೂ ಬದಲಾಯಿತು. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದ ಮೇಲೆ 12 ಲಕ್ಷದವರೆಗೆ ತೆರಿಗೆ ಇಲ್ಲ. ಸಂಬಳದ ಲೆಕ್ಕದಲ್ಲಿ ಗಡಿ 12.75 ಲಕ್ಷ. ನನ್ನ ಫಿಕ್ಸೆಡ್ ಸಂಬಳ 11,52,000 ಆ ಗಡಿಯೊಳಗೇ ಇದೆ. ಕಂಪನಿ ಕಟ್ಟುವ 12 ಪರ್ಸೆಂಟ್ ಪಿಎಫ್ ಈ ಮಟ್ಟದಲ್ಲಿ ನನ್ನ ತೆರಿಗೆ ಆದಾಯಕ್ಕೆ ಸೇರುವುದಿಲ್ಲ. ಆದರೆ ವೇರಿಯಬಲ್ ಪೂರ್ತಿ ಬಂದರೆ ಒಟ್ಟು 13,77,000 ಆಗುತ್ತದೆ. ಆಗ ತೆರಿಗೆ, ಸೆಸ್ ಸೇರಿ 78,312. ಅಂದರೆ 2,25,000ದಲ್ಲಿ ಕೈಗೆ ಉಳಿಯುವುದು 1,46,688. 70 ಪರ್ಸೆಂಟ್ ಬಂದರೆ, ಅಂದರೆ 1,57,500 ಬಂದರೆ, ಗಡಿ ದಾಟಿದವರಿಗೆ ಕೊಡುವ ಮಾರ್ಜಿನಲ್ ರಿಲೀಫ್ ಕಳೆದು ತೆರಿಗೆ 35,880. ಕೈಗೆ 1,21,620. ಗಡಿ ದಾಟಿದ ಮೇಲೆ ಸುಮಾರು 13.45 ಲಕ್ಷ ಸಂಬಳದವರೆಗೆ ಜಾಸ್ತಿ ಬಂದ ದುಡ್ಡು ಹೆಚ್ಚುಕಮ್ಮಿ ಪೂರ್ತಿ ತೆರಿಗೆಗೇ ಹೋಗುತ್ತದೆ. 13ರಿಂದ 16 ಲಕ್ಷದ ಸಿಟಿಸಿ ಆಫರ್ ಬಂದವರು ಈ ಜಾಗವನ್ನು ತಪ್ಪದೆ ನೋಡಬೇಕು.

ಪಿಎಫ್ 1,800ಕ್ಕೆ ಇಳಿಸಿ ಉಳಿದ 4,200 ಅನ್ನು ಅಲೋವೆನ್ಸ್ ಆಗಿ ಕೊಡಿ ಅಂತ ಕೆಲವರು ಕೇಳುತ್ತಾರೆ. ಸೇರುವಾಗ ಈ ಆಯ್ಕೆ ಕೊಡುವ ಕಂಪನಿಗಳಿವೆ. ನಾನು ಬೇಡ ಅಂದೆ. ಕಂಪನಿ ಪಾಲು ಪಿಎಫ್‌ನಲ್ಲಿದ್ದರೆ ತೆರಿಗೆ ಗಡಿಯ ಆಚೆ ಇರುತ್ತದೆ. ಅಲೋವೆನ್ಸ್ ಆದರೆ ವರ್ಷಕ್ಕೆ 50,400 ನನ್ನ ಸಂಬಳಕ್ಕೆ ಸೇರಿ ಗಡಿ ಇನ್ನೂ ಹತ್ತಿರವಾಗುತ್ತದೆ. ಮನೆ ಸಾಲದ ಕಂತು ಬಿಗಿಯಾಗಿ ಇರುವವರಿಗೆ ಅದೇ ಸರಿ ಅನ್ನಿಸಬಹುದು.

ನಾನು ಕೇಳಿದ್ದು ಒಂದೇ. ಸಿಟಿಸಿ 15 ಲಕ್ಷವೇ ಇರಲಿ, ವೇರಿಯಬಲ್‌ನಿಂದ 75,000 ತೆಗೆದು ಫಿಕ್ಸೆಡ್‌ಗೆ ಹಾಕಿ. ಬಜೆಟ್ ಜಾಸ್ತಿ ಮಾಡಿ ಅಂತ ಕೇಳುವುದಕ್ಕಿಂತ ಇದನ್ನು ಒಪ್ಪಿಸುವುದು ಸುಲಭ, ಕಂಪನಿಯ ಒಟ್ಟು ಅಂಕಿ ಬದಲಾಗುವುದಿಲ್ಲ ಅಲ್ವಾ. ಒಂದು ವಾರ ಎಳೆದು ಒಪ್ಪಿದರು. ಗ್ರಾಸ್ ತಿಂಗಳಿಗೆ 1,02,250 ಆಯಿತು, ಕೈಗೆ 96,050. ಹಳೆಯದಕ್ಕಿಂತ 14,050 ಜಾಸ್ತಿ. ವೇರಿಯಬಲ್ 70 ಪರ್ಸೆಂಟ್ ಬಂದರೆ ತೆರಿಗೆ ಕಳೆದು ವರ್ಷದ ಒಟ್ಟು ಮೊತ್ತ ಮೊದಲಿನ ಆಫರ್‌ಗೂ ಇದಕ್ಕೂ ಹೆಚ್ಚುಕಮ್ಮಿ ಒಂದೇ, ನಾನು ಎರಡನ್ನೂ ಹಾಕಿ ನೋಡಿದ್ದೆ. ಆದರೆ ವೇರಿಯಬಲ್ ಏನೂ ಬಾರದ ವರ್ಷ 75,000 ಪೂರ್ತಿ ನನ್ನ ಕೈಯಲ್ಲಿ ಇರುತ್ತದೆ. ಮುಂದಿನ ಹೈಕ್ ಪರ್ಸೆಂಟ್ ಕೂಡ ಅಲ್ಲಿ ಫಿಕ್ಸೆಡ್ ಮೇಲೆಯೇ ಹಾಕುತ್ತಾರೆ.

ರಾಜೀನಾಮೆಯ ತಾರೀಕನ್ನೂ ಇದರ ಜೊತೆಗೇ ನೋಡಿಕೊಂಡೆ. ಹಳೆ ಕಂಪನಿಯ ವೇರಿಯಬಲ್ ಏಪ್ರಿಲ್ ಸಂಬಳದ ಜೊತೆ ಬರಬೇಕಿತ್ತು, ಅಲ್ಲೂ ನೋಟಿಸ್‌ನಲ್ಲಿ ಇದ್ದವರಿಗೆ ಕೊಡುವುದಿಲ್ಲ. 90,000 ಖಾತೆಗೆ ಬಿದ್ದ ಮೇಲೆ ಮೇಲ್ ಕಳಿಸಿದೆ, ಎರಡು ತಿಂಗಳ ನೋಟಿಸ್ ಮುಗಿಸಿ ಜುಲೈನಲ್ಲಿ ಸೇರಿದೆ. ಹಳೆ ಕಂಪನಿಯ ಮೂರು ತಿಂಗಳ ಸಂಬಳ, ವೇರಿಯಬಲ್, ಹೊಸದರ ಒಂಬತ್ತು ತಿಂಗಳು ಸೇರಿ 12,62,250. ಗಡಿಯೊಳಗೇ ಉಳಿಯಿತು. ಸೇರಿದ ತಕ್ಷಣ ಹಳೆ ಕಂಪನಿಯ ಸಂಬಳದ ವಿವರವನ್ನು ಹೊಸ ಕಂಪನಿಗೆ ಕೊಡಬೇಕು. ಇಲ್ಲದಿದ್ದರೆ ಇಬ್ಬರೂ 75,000 ಡಿಡಕ್ಷನ್ ಬೇರೆ ಬೇರೆ ಕೊಟ್ಟು ತೆರಿಗೆ ಕಡಿಮೆ ಹಿಡಿಯುತ್ತಾರೆ. ಒಟ್ಟು ಆದಾಯ ಗಡಿ ದಾಟಿದ್ದರೆ ರಿಟರ್ನ್ಸ್ ಹಾಕುವಾಗ ಬಡ್ಡಿ ಸಮೇತ ನಾವೇ ಕಟ್ಟಬೇಕಾಗುತ್ತದೆ.

ಈಗ ಆಫರ್ ನೋಡುವವರು ಇನ್ನೊಂದನ್ನು ಸೇರಿಸಿಕೊಳ್ಳಿ. 2025ರ ನವೆಂಬರ್ 21ರಿಂದ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅಲೋವೆನ್ಸ್‌ಗಳು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದ ಭಾಗವೂ ವೇತನ ಅಂತಲೇ ಲೆಕ್ಕ. ಅದಕ್ಕಾಗಿ ಕಂಪನಿ ನನ್ನಂಥ ಆಫರ್‌ನಲ್ಲಿ ಬೇಸಿಕ್ ಅನ್ನು 50,000ದಿಂದ 62,500ಕ್ಕೆ ಏರಿಸಿ ಪೂರ್ತಿ ಬೇಸಿಕ್ ಮೇಲೆ ಪಿಎಫ್ ಕಟ್ಟಿದರೆ, ಎರಡೂ ಪಾಲು 1,500 ಹೆಚ್ಚುತ್ತವೆ. ಎರಡೂ ಸಿಟಿಸಿಯ ಒಳಗಿನಿಂದಲೇ ಬರುತ್ತವೆ. ಗ್ರ್ಯಾಚುಟಿಗೂ ತಿಂಗಳಿಗೆ 600 ಜಾಸ್ತಿ ಎತ್ತಿಡುತ್ತಾರೆ. ಸಿಟಿಸಿ ಅದೇ ಇದ್ದರೂ ಕೈಗೆ ಬರುವುದು ತಿಂಗಳಿಗೆ ಸುಮಾರು 3,600 ಇಳಿಯುತ್ತದೆ, ಅದರಲ್ಲಿ 3,000 ಪಿಎಫ್ ಖಾತೆಯಲ್ಲಿ ಸೇರುತ್ತದೆ. ಆದ್ದರಿಂದ ಬ್ರೇಕಪ್ ಬಂದಾಗ ಬೇಸಿಕ್ ಎಷ್ಟು, ಪಿಎಫ್ ಯಾವ ಮೊತ್ತದ ಮೇಲೆ ಅನ್ನುವ ಎರಡು ಸಾಲನ್ನು ಮೊದಲು ನೋಡಿ, ಆಮೇಲೆ ಕೆಳಗಿನ ಒಟ್ಟು ಮೊತ್ತ ನೋಡಿ.