ಸಣ್ಣ ಗಿಡ ಫೋಟೋದಲ್ಲಿ ದೊಡ್ಡದಾದಾಗ

ಬೆಂಗಳೂರಿನ ನಮ್ಮ ಮನೆಯಲ್ಲಿ ಮಗಳು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಎರಡು ಲೋಟಗಳಲ್ಲಿ ಹೆಸರುಕಾಳು ಹಾಕಿದ್ದಳು. ಒಂದು ಕಿಟಕಿ ಪಕ್ಕ, ಇನ್ನೊಂದು ಕಪಾಟಿನ ಕತ್ತಲಲ್ಲಿ. ‘ಬೆಳಕಿದ್ದರೆ ಗಿಡ ಜಾಸ್ತಿ ಉದ್ದ ಬೆಳೆಯುತ್ತದೆ’ ಅನ್ನೋದು ಅವಳ ಊಹೆ. ಆದದ್ದು ಉಲ್ಟಾ. ಕತ್ತಲಿನದೇ ಉದ್ದ, ಆದರೆ ತೆಳ್ಳಗೆ, ಹಳದಿ.

ಪ್ರದರ್ಶನಕ್ಕೆಂದು ಎರಡೂ ಗಿಡಗಳ ಫೋಟೋ ಪಕ್ಕಪಕ್ಕ ಹಾಕಿದ ಸ್ಲೈಡಿನಲ್ಲಿ ಮಾತ್ರ ಕಿಟಕಿಯ ಗಿಡವೇ ದೊಡ್ಡದಾಗಿ ಕಾಣುತ್ತಿತ್ತು. ಆ ಫೋಟೋ ಹತ್ತಿರದಿಂದ ತೆಗೆದದ್ದು. ಪುಣ್ಯಕ್ಕೆ ಎರಡರಲ್ಲೂ ಕಾಂಡಕ್ಕೆ ತಾಗಿದಂತೆ ಸ್ಕೇಲ್ ನಿಲ್ಲಿಸಿದ್ದಳು. ಸ್ಲೈಡಿನ ಮೇಲೆ ಒಂದು ನೇರ ಗೆರೆ ಎಳೆದೆವು. ಪ್ರತಿ ಫೋಟೋದಲ್ಲೂ ಸ್ಕೇಲಿನ 0ಯಿಂದ 10 ಸೆಂ.ಮೀ. ಭಾಗ ಆ ಗೆರೆಯಷ್ಟೇ ಆಗುವವರೆಗೆ ಫೋಟೋದ ಮೂಲೆ ಹಿಡಿದು ಎಳೆದೆವು. ಬದಿ ಹಿಡಿದು ಎಳೆದರೆ ಗಿಡ ಸುಮ್ನೆ ಹಿಗ್ಗುತ್ತದೆ. ಆಮೇಲೆ ಮಣ್ಣಿನ ಮಟ್ಟ ಒಂದೇ ಸಾಲಿಗೆ ತಂದು, ಉಳಿದದ್ದನ್ನು ಕ್ರಾಪ್ ಮಾಡಿದೆವು. ಸ್ಕೇಲ್ ಗಿಡದ ಹಿಂದೆ ದೂರದಲ್ಲಿದ್ದರೆ ಈ ಉಪಾಯ ನಡೆಯಲ್ಲ.

ಫಿಲ್ಟರ್ ಹಾಕಲಿಲ್ಲ. ಆ ಹಳದಿ ಬಣ್ಣವೇ ಅವಲೋಕನ, ಅಲ್ವಾ? ಊಹೆಯ ಸ್ಲೈಡನ್ನೂ ತಿದ್ದಲಿಲ್ಲ. ಕೊನೆಗೆ ಮಗಳು ಬರೆದಳು: ‘ಊಹೆ ತಪ್ಪಾಯಿತು. ಕತ್ತಲಲ್ಲಿ ಗಿಡ ಕಾಳಿನೊಳಗಿನ ಆಹಾರ ಬಳಸಿ ಬೆಳಕಿಗಾಗಿ ಉದ್ದವಾಗುತ್ತದೆ, ಹಸಿರು ಬರುವುದಿಲ್ಲ.’