ಚಳಿಗಾಲಕ್ಕೊಂದು ಬೆಚ್ಚನೆಯ ಪೆಟ್ಟಿಗೆ: ಟೊರಾಂಟೊಗೆ ಹೊಸದಾಗಿ ಬಂದವರಿಗೆ

ಮನೆಯಲ್ಲಿ ಹೀಟಿಂಗ್ ಇದ್ದರೂ ಚಳಿಗಾಲದ ರಾತ್ರಿ ಇಲ್ಲಿನ ಅಡುಗೆಮನೆ 18–20 ಡಿಗ್ರಿಗೆ ಇಳಿಯುತ್ತದೆ. ಇಡ್ಲಿ ಹಿಟ್ಟು ಚೆನ್ನಾಗಿ ಉಬ್ಬಲು 30 ಡಿಗ್ರಿಯ ಆಸುಪಾಸು ಬೇಕು, ಮೊಸರಿಗೆ 40ರಿಂದ 43. ಹಲವರು ಓವನ್ನಿನ ದೀಪ ಹಾಕಿ ಒಳಗೆ ಹಿಟ್ಟು ಇಡುತ್ತಾರೆ. ಆದರೆ ಒಂದೊಂದು ಓವನ್ನಿನ ಬಿಸಿ ಒಂದೊಂದು ಥರ. ಪಾತ್ರೆ ಇರುವುದು ಗೊತ್ತಿಲ್ಲದೆ ಯಾರಾದರೂ ಓವನ್ ಹಚ್ಚಿಬಿಡುವ ಭಯವೂ ಇದೆ. ಬೇರೆಯೇ ಒಂದು ಪೆಟ್ಟಿಗೆ ಮಾಡಿಕೊಳ್ಳಿ ಎಂಬುದು ನಮ್ಮ ಸಲಹೆ.

ಪಿಕ್ನಿಕ್ಕಿಗೆ ಒಯ್ಯುವ ದಪ್ಪ ಗೋಡೆಯ ಐಸ್ ಬಾಕ್ಸ್, ಬೀಜ ಮೊಳೆಯಿಸಲು ಬಳಸುವ ಸುಮಾರು 20 ವ್ಯಾಟ್‌ನ ಹೀಟ್ ಮ್ಯಾಟ್, ತಂತಿಯ ತುದಿಯಲ್ಲಿ ಸೆನ್ಸರ್ ಇರುವ ಥರ್ಮೋಸ್ಟಾಟ್ ಇದ್ದರೆ ಸಾಕು. ಇಲ್ಲಿನ ವಿದ್ಯುತ್ 120 ವೋಲ್ಟ್ ಆದ್ದರಿಂದ ಊರಿನಿಂದ ಹೀಟರ್ ತರಬೇಡಿ. ಥರ್ಮೋಕೋಲ್ ಡಬ್ಬಿಯಲ್ಲಿ ಬಲ್ಬ್ ಉರಿಸುವುದಂತೂ ಬೇಡವೇ ಬೇಡ, ಬೆಂಕಿ ಹತ್ತಬಹುದು.

ಮ್ಯಾಟನ್ನು ತಳದಲ್ಲಿ ಮಡಚದೆ ಹಾಸಿ, ಅದರ ಮೇಲೆ ಎರಡು ಇಂಚು ಎತ್ತರದ ತಂತಿ ಸ್ಟ್ಯಾಂಡ್ ಇಟ್ಟು, ಪಾತ್ರೆಯನ್ನು ಅದರ ಮೇಲಿಡಿ. ನೇರವಾಗಿ ಮ್ಯಾಟಿನ ಮೇಲಿಟ್ಟರೆ ಹಿಟ್ಟಿನ ತಳ ಮಾತ್ರ ಬಿಸಿಯಾಗಿ ಹುಳಿಯುತ್ತದೆ, ಮೇಲ್ಭಾಗ ಹಾಗೇ ಉಳಿಯುತ್ತದೆ.

ಎಲ್ಲಕ್ಕಿಂತ ಮುಖ್ಯ, ಸೆನ್ಸರ್ ಎಲ್ಲಿದೆ ಎನ್ನುವುದು. ಅದು ಮ್ಯಾಟಿಗೆ ತಾಗಿದ್ದರೆ ಬೇಗ ಬಿಸಿಯಾಗಿ ಹೀಟರ್ ಆರುತ್ತದೆ, ಹಿಟ್ಟು ತಣ್ಣಗೇ ಇರುತ್ತದೆ. ಜಾರಿ ಪೆಟ್ಟಿಗೆಯ ಹೊರಗೆ ಬಿದ್ದರೆ ಕೋಣೆಯ ಚಳಿಯನ್ನೇ ಅಳೆಯುತ್ತಾ ಮ್ಯಾಟನ್ನು ಇಡೀ ರಾತ್ರಿ ಕಾಯಿಸುತ್ತದೆ. ಆದ್ದರಿಂದ ಪಾತ್ರೆಯ ಹೊರಮೈಗೆ, ಹಿಟ್ಟಿನ ಅರ್ಧ ಎತ್ತರದಲ್ಲಿ ಟೇಪಿನಿಂದ ಅಂಟಿಸಿ, ಮೇಲೊಂದು ಬಟ್ಟೆ ಸುತ್ತಿ. ಥರ್ಮೋಸ್ಟಾಟ್ ಪೆಟ್ಟಿಗೆಯ ಹೊರಗಿರಲಿ. ಅದು ಫ್ಯಾರನ್‌ಹೀಟ್ ತೋರಿಸುವುದಾದರೆ 30 ಡಿಗ್ರಿ ಎಂದರೆ 86.

ಒಂದು ಲೋಟ ಉದ್ದಿನ ಬೇಳೆ, ಎರಡು ಲೋಟ ಇಡ್ಲಿ ರವೆಯ ಲೆಕ್ಕ ಹಿಡಿಯೋಣ. ರುಬ್ಬಲು ಉಗುರುಬೆಚ್ಚಗಿನ ನೀರು ಬಳಸಿ. ತಣ್ಣೀರಿನಲ್ಲಿ ರುಬ್ಬಿದ ಹಿಟ್ಟನ್ನು 20 ವ್ಯಾಟ್ ಬೆಚ್ಚಗೆ ಮಾಡುವುದರಲ್ಲೇ ಹಲವು ಗಂಟೆ ಕಳೆದುಹೋಗುತ್ತದೆ. ಪಾತ್ರೆ ಅರ್ಧ ಮಾತ್ರ ತುಂಬಿರಲಿ, ಉಕ್ಕಿದರೆ ಮ್ಯಾಟಿನ ಮೇಲೇ ಬೀಳುವುದು. ರಾತ್ರಿ ಎಂಟಕ್ಕೆ ಇಟ್ಟರೆ ಬೆಳಿಗ್ಗೆ ಏಳರ ಹೊತ್ತಿಗೆ ಹಿಟ್ಟು ಸುಮಾರು ಎರಡರಷ್ಟಾಗಿರಬೇಕು. ಒಂದು ಚಮಚ ಹಿಟ್ಟು ನೀರಿಗೆ ಬಿಟ್ಟು ನೋಡಿ, ತೇಲಿದರೆ ಸರಿಯಾಗಿ ಉಬ್ಬಿದೆ. ಮೂಗಿಗೆ ಹೊಡೆಯುವ ಹುಳಿ ವಾಸನೆ ಬಂದು ಹಿಟ್ಟು ಕುಸಿದಿದ್ದರೆ ಮುಂದಿನ ಸಲ ಎರಡು ಡಿಗ್ರಿ ಇಳಿಸಿ.

ಮೊಸರನ್ನು ಹಿಟ್ಟಿನ ಜೊತೆಗೇ ಇಡಬೇಡಿ, ಎರಡಕ್ಕೂ ಬೇಕಾದ ಬಿಸಿ ಬೇರೆ. ಚಳಿ ಕೋಣೆಯಲ್ಲಿ ಇಷ್ಟು ಸಣ್ಣ ಮ್ಯಾಟ್ 42 ಮುಟ್ಟುವುದೂ ಕಷ್ಟ. ಹಾಲನ್ನು ಕಾಯಿಸಿ, 45ಕ್ಕೆ ಆರಿಸಿ, ಲೀಟರಿಗೆ ಎರಡು ಚಮಚ ಹೆಪ್ಪು ಹಾಕಿ, ಮೊದಲೇ ಬೆಚ್ಚಗೆ ಮಾಡಿಟ್ಟ ಪೆಟ್ಟಿಗೆಯಲ್ಲಿಡಿ. ಆಗ ಮ್ಯಾಟ್ ಬಿಸಿ ಏರಿಸಬೇಕಿಲ್ಲ, ಇಳಿಯದಂತೆ ಹಿಡಿದರೆ ಸಾಕು. ಐದಾರು ಗಂಟೆಯ ನಂತರ ಪಾತ್ರೆಯನ್ನು ಮೆಲ್ಲಗೆ ಓರೆ ಮಾಡಿದಾಗ ಮೊಸರು ಒಂದೇ ಗಡ್ಡೆಯಾಗಿ ಅಂಚು ಬಿಟ್ಟರೆ ತಕ್ಷಣ ಫ್ರಿಜ್ಜಿಗೆ ಸೇರಿಸಿ. ಅಲ್ಲೇ ಬಿಟ್ಟರೆ ನೀರೊಡೆದು ಹುಳಿಯಾಗುತ್ತದೆ.